ತಡಮೆ ದಾಟಿ ಬಂದ ಮಗು: ಆವರಣವಿಲ್ಲದ ಹೊಂಡ ಮತ್ತು ಅಧಿಭೋಗದಾರನ ಹೊಣೆ

ಐಚ್ಛಿಕ ಕನ್ನಡದ ಅನುವಾದ ತರಗತಿಯಲ್ಲಿ ತೀರ್ಪೊಂದರ ಕೆಲವು ಸಾಲುಗಳನ್ನು ಕನ್ನಡಕ್ಕೆ ತರುತ್ತಿದ್ದಾಗ ‘ಅತಿಕ್ರಮ ಪ್ರವೇಶಿ’ ಎಂಬ ಪದದ ಬಳಿ ತರಗತಿ ನಿಂತಿತು. “ಸರ್, ಚೆಂಡು ಹುಡುಕಿಕೊಂಡು ಪಕ್ಕದ ಹಿತ್ತಿಲಿಗೆ ಹೋದ ಆರು ವರ್ಷದ ಮಗುವನ್ನೂ ಹೀಗೆ ಕರೆಯಬೇಕೆ?” ಎಂದು ವಿದ್ಯಾರ್ಥಿನಿಯೊಬ್ಬಳು ಕೇಳಿದಳು. ಭಾಷೆಯ ಪ್ರಶ್ನೆಯಂತೆ ತೋರಿದರೂ ಇದು ಕಾನೂನಿನ ಪ್ರಶ್ನೆಯೂ ಹೌದು. ಆ ಮಗು ಹಿತ್ತಿಲಿನ ಕಟ್ಟೆಯಿಲ್ಲದ ಬಾವಿಗೆ ಬಿದ್ದರೆ ಹೊಣೆ ಯಾರದು ಎಂಬುದು ಎಷ್ಟೋ ಕಾಲ ಈ ಒಂದು ಪದದ ಮೇಲೆಯೇ ನಿಂತಿತ್ತು. ಅಂದು ಅರ್ಧಕ್ಕೆ ಬಿಟ್ಟ ಉತ್ತರವನ್ನು ಇಲ್ಲಿ ಪೂರ್ತಿಗೊಳಿಸಲು ಯತ್ನಿಸಿದ್ದೇನೆ.

ಮೊದಲು ಪದವನ್ನೇ ನೋಡೋಣ. ‘ಕ್ರಮ’ ಎಂದರೆ ಮೂಲತಃ ಹೆಜ್ಜೆ; ‘ಅತಿಕ್ರಮ’ ಎಂದರೆ ಎಲ್ಲೆಯನ್ನು ಮೀರಿ ಇಟ್ಟ ಹೆಜ್ಜೆ. ಪದದ ಒಡಲಲ್ಲಿ ಅಪರಾಧದ ಭಾವವಿಲ್ಲ. ಅದು ಬಳಕೆಯಿಂದ ಬಂದು ಸೇರಿದ್ದು. ಕಾನೂನಿನಲ್ಲಿಯೂ ಎರಡು ಬಗೆಯ ಅತಿಕ್ರಮ ಪ್ರವೇಶಗಳಿವೆ. ಭಾರತೀಯ ನ್ಯಾಯ ಸಂಹಿತೆಯ 329ನೆಯ ಕಲಮು ಹೇಳುವ ಅಪರಾಧಿಕ ಅತಿಕ್ರಮ ಪ್ರವೇಶಕ್ಕೆ ದುರುದ್ದೇಶ ಬೇಕು: ಅಪರಾಧವೊಂದನ್ನು ಮಾಡುವ ಇಲ್ಲವೆ ಸ್ವಾಧೀನದಲ್ಲಿರುವವನನ್ನು ಬೆದರಿಸುವ, ಅವಮಾನಿಸುವ, ಕಿರುಕುಳಕ್ಕೊಳಪಡಿಸುವ ಉದ್ದೇಶ. ಸಿವಿಲ್ ಅರ್ಥದ ಅತಿಕ್ರಮಕ್ಕೆ ಅದಾವುದೂ ಬೇಡ. ಅನುಮತಿಯಿಲ್ಲದೆ ಇಟ್ಟ ಹೆಜ್ಜೆಯಷ್ಟೇ ಸಾಕು. ಚೆಂಡಿನ ಹಿಂದೆ ಓಡಿದ ಮಗು ಈ ಎರಡನೆಯ ಅರ್ಥದಲ್ಲಿ ಮಾತ್ರ ಅತಿಕ್ರಮ ಪ್ರವೇಶಿ. ಅನುವಾದಕ ಎರಡಕ್ಕೂ ಒಂದೇ ಪದ ಬಳಸಿದಾಗ ಮಗುವಿನ ಹಣೆಗೆ ತನಗರಿಯದಂತೆ ಕಳಂಕ ಹಚ್ಚುತ್ತಾನೆ. ‘ಅನುಮತಿಯಿಲ್ಲದೆ ಬಂದವರು’ ಎಂದು ಬಿಡಿಸಿ ಬರೆಯುವುದೇ ಲೇಸೆಂಬುದು ನನ್ನ ಅಭಿಪ್ರಾಯ.

ಇನ್ನೊಂದು ಪದ ‘ಅಧಿಭೋಗದಾರ’. ಇವನು ಒಡೆಯನೇ ಆಗಿರಬೇಕೆಂದಿಲ್ಲ. ಸ್ಥಳದ ಮೇಲೆ ಯಾರ ಹತೋಟಿಯಿದೆಯೋ, ಯಾರು ಒಳಗೆ ಬಿಡಬಲ್ಲರು, ಯಾರು ಹೊರಗೆ ಕಳಿಸಬಲ್ಲರು, ಅಪಾಯವನ್ನು ಯಾರು ನಿವಾರಿಸಬಲ್ಲರು ಎಂಬುದನ್ನು ಕಾನೂನು ಕೇಳುತ್ತದೆ. ಒಂದೇ ಸ್ಥಳಕ್ಕೆ ಏಕಕಾಲದಲ್ಲಿ ಇಬ್ಬರು ಮೂವರು ಅಧಿಭೋಗದಾರರಿರಬಹುದು. ಕಟ್ಟಡದ ಗುತ್ತಿಗೆದಾರ ಪಾಯ ಅಗೆಯುತ್ತಿರುವಷ್ಟು ಕಾಲ ಅವನೂ ಅಧಿಭೋಗದಾರನೇ.

ನಮ್ಮ ದೇಶದಲ್ಲಿ ಅಧಿಭೋಗದಾರನ ಹೊಣೆಯನ್ನು ಕುರಿತು ಪ್ರತ್ಯೇಕವಾದ ಅಧಿನಿಯಮವಿಲ್ಲ. ನ್ಯಾಯಾಲಯಗಳು ಇಂಗ್ಲಿಷ್ ಸಾಮಾನ್ಯ ಕಾನೂನಿನ ತತ್ತ್ವಗಳನ್ನು ಇಲ್ಲಿನ ಪರಿಸ್ಥಿತಿಗೆ ಹೊಂದುವಷ್ಟರಮಟ್ಟಿಗೆ ಬಳಸುತ್ತ ಬಂದಿವೆ. ಆದ್ದರಿಂದ ಕೆಲವು ಪರದೇಶದ ಪ್ರಕರಣಗಳನ್ನು ಓದದೆ ಈ ವಿಷಯ ತಿಳಿಯದು.

ಹಳೆಯ ನಿಯಮ ಕಠೋರವಾಗಿತ್ತು. 1929ರಲ್ಲಿ ಬ್ರಿಟನ್ನಿನ ಹೌಸ್ ಆಫ್ ಲಾರ್ಡ್ಸ್ ಅಡಿ ಮತ್ತು ಡಂಬ್ರೆಕ್ ಪ್ರಕರಣದಲ್ಲಿ ಅದನ್ನು ಸ್ಪಷ್ಟವಾಗಿ ನುಡಿಯಿತು. ಕಲ್ಲಿದ್ದಲ ಗಣಿಯೊಂದಕ್ಕೆ ಸೇರಿದ ಬಯಲಿನಲ್ಲಿ ಯಂತ್ರದ ಚಕ್ರಕ್ಕೆ ಸಿಕ್ಕಿ ನಾಲ್ಕು ವರ್ಷದ ಮಗು ಸತ್ತಿತ್ತು. ಬೇಲಿಯಲ್ಲಿ ಕಂಡಿಗಳಿದ್ದವು, ಮಕ್ಕಳು ಅಲ್ಲಿ ಆಡುತ್ತಿದ್ದುದು ಗಣಿಯವರಿಗೆ ಗೊತ್ತಿತ್ತು. ಆದರೂ ಮಗು ಅನುಮತಿಯಿಲ್ಲದೆ ಬಂದದ್ದರಿಂದ ಗಣಿಯವರಿಗೆ ಹೊಣೆಯಿಲ್ಲ ಎಂದಾಯಿತು. ಬೇಕೆಂದೇ ಗಾಯಪಡಿಸಬಾರದು, ಇದ್ದಾನೆಂದು ತಿಳಿದೂ ಅವನನ್ನು ಲೆಕ್ಕಿಸದೆ ದುಡುಕಬಾರದು. ಅಧಿಭೋಗದಾರನಿಗಿದ್ದ ಕರ್ತವ್ಯ ಅಷ್ಟೇ.

ಆ ಕನಿಷ್ಠ ಕರ್ತವ್ಯವನ್ನು ನಮ್ಮ ಸರ್ವೋಚ್ಚ ನ್ಯಾಯಾಲಯ ಚೆರುಬಿನ್ ಗ್ರೆಗೊರಿ ಮತ್ತು ಬಿಹಾರ ರಾಜ್ಯ ಪ್ರಕರಣದಲ್ಲಿ ಎತ್ತಿಹಿಡಿದಿದೆ. ಅದು 1964ರ ಕಾನೂನು ವರದಿಗಳಲ್ಲಿ ದೊರೆಯುತ್ತದೆ. ತನ್ನ ಶೌಚಾಲಯವನ್ನು ನೆರೆಯವರು ಬಳಸಬಾರದೆಂದು ಒಬ್ಬಾತ ಹೊದಿಕೆಯಿಲ್ಲದ ತಂತಿ ಕಟ್ಟಿ ವಿದ್ಯುತ್ತು ಹರಿಸಿದ್ದ. ಹೆಂಗಸೊಬ್ಬಳು ಅದನ್ನು ತಗುಲಿ ಸತ್ತಳು. ಅವಳು ಅನುಮತಿಯಿಲ್ಲದೆ ಬಂದವಳೆಂಬ ವಾದವನ್ನು ನ್ಯಾಯಾಲಯ ಒಪ್ಪಲಿಲ್ಲ. ನಿರ್ಲಕ್ಷ್ಯದಿಂದ ಮರಣವುಂಟುಮಾಡಿದ ಅಪರಾಧಕ್ಕೆ ಅವನ ಶಿಕ್ಷೆ ಊರ್ಜಿತವಾಯಿತು. ಆದರೆ ಬಾವಿ ಅಂತಹ ತಂತಿಯಲ್ಲ. ಅದನ್ನು ಯಾರೂ ನೆರೆಯವರನ್ನು ಕೊಲ್ಲಲೆಂದು ತೋಡುವುದಿಲ್ಲ. ಸುಮ್ಮನೆ ತೆರೆದು ಬಿಟ್ಟ ಹೊಂಡದ ಬಗೆಗೆ ಹಳೆಯ ನಿಯಮ ಮೌನವಾಗಿತ್ತು.

ಈ ಮೌನವನ್ನು ಮುರಿಯಲು ಮೊದಲು ಬಳಕೆಗೆ ಬಂದದ್ದು ‘ಆಮಿಷ’ದ ಕಲ್ಪನೆ. ದೊಡ್ಡವರಿಗೆ ಅಪಾಯವಾಗಿ ಕಾಣುವ ವಸ್ತು ಮಗುವಿಗೆ ಆಟಿಕೆಯಾಗಿ ಕಾಣುತ್ತದೆ. ಅಂಥದ್ದನ್ನು ಕಣ್ಣಿಗೆ ಬೀಳುವಂತೆ ಇಟ್ಟವನು ಮಗುವನ್ನು ತಾನೇ ಕರೆದಂತೆ, ಆದ್ದರಿಂದ ಆ ಮಗು ಅತಿಕ್ರಮಿಯಲ್ಲ ಎಂಬುದು ವಾದದ ಹೂರಣ. ಕೇಳಲು ಹಿತವಾದ ವಾದ. ಆದರೆ ಅದು ಎಲ್ಲಿ ಕೈಕೊಡುತ್ತದೆಂಬುದನ್ನು ಅಮೆರಿಕದ ಸುಪ್ರೀಂ ಕೋರ್ಟಿನ 1922ರ ಬ್ರಿಟ್ ಪ್ರಕರಣ ತೋರಿಸಿತು. ಕೆಡವಿದ ಕಾರ್ಖಾನೆಯೊಂದರ ನೆಲಮಾಳಿಗೆಯ ಹೊಂಡದಲ್ಲಿ ನೀರು ನಿಂತಿತ್ತು. ನೋಡಲು ತಿಳಿಯಾಗಿದ್ದರೂ ಅದರಲ್ಲಿ ಗಂಧಕಾಮ್ಲ ಬೆರೆತಿತ್ತು. ಈಜಲು ಇಳಿದ ಇಬ್ಬರು ಹುಡುಗರು ಸತ್ತರು. ಮಕ್ಕಳು ಆ ಜಮೀನಿಗೆ ಕಾಲಿಟ್ಟ ಜಾಗದಿಂದ ಹೊಂಡ ಕಾಣುತ್ತಿತ್ತೆಂಬುದಕ್ಕೆ ಸಾಕ್ಷ್ಯವಿಲ್ಲ. ಕಾಣದ ನೀರು ಅವರನ್ನು ಒಳಗೆ ಸೆಳೆದಿರಲಾರದು. ಆದ್ದರಿಂದ ಆಮಿಷವಿಲ್ಲ ಎಂದು ಬಹುಮತದ ತೀರ್ಪು ಬರೆದ ನ್ಯಾಯಮೂರ್ತಿ ಹೋಮ್ಸ್ ನಿರ್ಣಯಿಸಿದರು. ತರ್ಕದಲ್ಲಿ ಲೋಪವಿಲ್ಲ, ಲೋಪವಿರುವುದು ಪ್ರಶ್ನೆಯಲ್ಲಿ. ಮಗು ಏಕೆ ಒಳಗೆ ಬಂತು ಎಂಬುದಕ್ಕಿಂತ, ಮಕ್ಕಳು ಬರುತ್ತಾರೆಂದು ಹೊಂಡದವನಿಗೆ ತಿಳಿದಿತ್ತೆ ಎಂಬುದನ್ನಲ್ಲವೆ ಕೇಳಬೇಕಾದದ್ದು? ಅಮೆರಿಕದ ಕಾನೂನು ಕಾಲಕ್ರಮದಲ್ಲಿ ಈ ಎರಡನೆಯ ಪ್ರಶ್ನೆಯ ಕಡೆಗೇ ಸರಿಯಿತು.

ಇಂಗ್ಲೆಂಡಿನಲ್ಲಿ ಅದೇ ತಿರುವು ಎರಡು ಪ್ರಕರಣಗಳ ನಡುವೆ ಕಾಣುತ್ತದೆ. ಇವೆರಡನ್ನೂ ಒಟ್ಟಿಗೆ ಓದಬೇಕು. ಮೊದಲನೆಯದು 1955ರ ಫಿಪ್ಸ್ ಮತ್ತು ರೋಚೆಸ್ಟರ್ ನಗರಸಭೆ. ಮನೆಗಳನ್ನು ಕಟ್ಟುತ್ತಿದ್ದ ಬಯಲಿನಲ್ಲಿ ನಗರಸಭೆ ಚರಂಡಿಗೆಂದು ಆಳವಾದ ಉದ್ದ ಕಾಲುವೆ ತೋಡಿಸಿತ್ತು. ಐದು ವರ್ಷದ ಹುಡುಗ ಏಳು ವರ್ಷದ ಅಕ್ಕನೊಡನೆ ಕಾಡುಹಣ್ಣು ಆಯಲು ಆ ಬಯಲನ್ನು ಹಾದು ಹೋಗುತ್ತಿದ್ದ. ಅಕ್ಕ ಕಾಲುವೆಯನ್ನು ದಾಟಿದಳು, ತಮ್ಮ ಬಿದ್ದು ಕಾಲು ಮುರಿದುಕೊಂಡ. ಜನರು ಆ ಬಯಲಿನಲ್ಲಿ ಓಡಾಡುತ್ತಿದ್ದರೂ ನಗರಸಭೆ ತಡೆದಿರಲಿಲ್ಲ. ಆದ್ದರಿಂದ ಮಕ್ಕಳಿಗೆ ಮೌನದ ಅನುಮತಿಯಿತ್ತೆಂದು ನ್ಯಾಯಮೂರ್ತಿ ಡೆವ್ಲಿನ್ ಒಪ್ಪಿದರು. ಆದರೂ ಹುಡುಗ ಸೋತ. ಅಷ್ಟು ಚಿಕ್ಕ ಮಕ್ಕಳ ಕಾವಲು ಮೊದಲು ತಂದೆತಾಯಿಗಳದು. ವಿವೇಕವುಳ್ಳ ಪೋಷಕರು ಇಂಥ ಕಡೆಗೆ ಮಕ್ಕಳನ್ನು ಒಂಟಿಯಾಗಿ ಬಿಡುವುದಿಲ್ಲವೆಂದು ಅಧಿಭೋಗದಾರ ಭಾವಿಸಬಹುದು ಎಂಬುದು ತೀರ್ಪಿನ ಸಾರ.

ಎರಡನೆಯದು 1972ರ ಹೆರಿಂಗ್‌ಟನ್ ಪ್ರಕರಣ. ಮಕ್ಕಳು ಆಡುವ ಹುಲ್ಲುಗಾವಲಿನ ಅಂಚಿನಲ್ಲಿ ವಿದ್ಯುತ್ ಹರಿಯುವ ರೈಲುಹಳಿ. ನಡುವೆ ತಂತಿಬೇಲಿಯಿದ್ದರೂ ಜನರು ತುಳಿದು ತುಳಿದು ಅದು ಒಂದು ಕಡೆ ತಗ್ಗಿಹೋಗಿತ್ತು. ಹಳಿಯ ಮೇಲೆ ಮಕ್ಕಳು ಕಂಡರೆಂದು ಕೆಲವು ವಾರಗಳ ಹಿಂದೆಯೇ ಸ್ಟೇಷನ್ ಮಾಸ್ತರರಿಗೆ ತಿಳಿಸಲಾಗಿತ್ತು. ಬೇಲಿ ಹಾಗೆಯೇ ಉಳಿಯಿತು. 1965ರ ಜೂನ್‌ನಲ್ಲಿ ಆರು ವರ್ಷದ ಹುಡುಗನೊಬ್ಬ ಅದನ್ನು ದಾಟಿ ಹಳಿಯನ್ನು ಮುಟ್ಟಿ ತೀವ್ರವಾಗಿ ಸುಟ್ಟುಕೊಂಡ. ಇಲ್ಲಿ ಅನುಮತಿಯ ಮಾತೇ ಇಲ್ಲ. ಹುಡುಗ ನಿಸ್ಸಂದೇಹವಾಗಿ ಅತಿಕ್ರಮಿ. ಆದರೂ ಗೆದ್ದ. ಅನುಮತಿಯಿಲ್ಲದೆ ಬಂದವನಿಗೂ ಅಧಿಭೋಗದಾರ ‘ಸಾಮಾನ್ಯ ಮಾನವೀಯತೆ’ಯ ಕರ್ತವ್ಯದಿಂದ ಬದ್ಧನೆಂದು ಹೌಸ್ ಆಫ್ ಲಾರ್ಡ್ಸ್ ಹೇಳಿ 1929ರ ನಿಯಮವನ್ನು ಕೈಬಿಟ್ಟಿತು.

ಅನುಮತಿಯಿದ್ದ ಮಗು ಸೋತಿತು, ಇಲ್ಲದ ಮಗು ಗೆದ್ದಿತು. ನಿರ್ಣಾಯಕವಾದದ್ದು ಮಗುವಿಗೆ ಅಂಟಿಸಿದ ಹೆಸರಲ್ಲವೆಂದಾಯಿತು. ರೈಲ್ವೆಗೆ ಮೂರು ಸಂಗತಿಗಳು ಗೊತ್ತಿದ್ದವು ಅಥವಾ ಗೊತ್ತಿರಬೇಕಾಗಿತ್ತು: ಹಳಿ ಅಪಾಯಕಾರಿ, ಬೇಲಿ ಮುರಿದಿದೆ, ಮಕ್ಕಳು ಬರುತ್ತಿದ್ದಾರೆ. ತಡೆಯಲು ಬೇಕಾಗಿದ್ದದ್ದು ತಂತಿಯ ದುರಸ್ತಿಯಷ್ಟೇ. 1984ರಲ್ಲಿ ಇಂಗ್ಲೆಂಡು ಈ ವಿಚಾರವನ್ನು ಅಧಿನಿಯಮವಾಗಿ ಬರೆದಾಗಲೂ ಕೇಳಿದ್ದು ಬಹುಮಟ್ಟಿಗೆ ಇದನ್ನೇ: ಅಪಾಯ ತಿಳಿದಿತ್ತೆ, ಅದರ ಸಮೀಪಕ್ಕೆ ಯಾರಾದರೂ ಬರಬಹುದೆಂದು ತಿಳಿದಿತ್ತೆ, ತಡೆಗಟ್ಟುವಿಕೆಯನ್ನು ನಿರೀಕ್ಷಿಸುವುದು ನ್ಯಾಯವೆ?

ಮಾನವೀಯತೆಯ ಕರ್ತವ್ಯಕ್ಕೆ ಒಂದು ಮಿತಿಯೂ ಇದೆ. ಅದನ್ನು ಅಳೆಯುವಾಗ ಆ ಅಧಿಭೋಗದಾರನ ತಿಳಿವಳಿಕೆ, ಶಕ್ತಿ, ಸಂಪನ್ಮೂಲಗಳನ್ನು ನೋಡಬೇಕೆಂದು ಹೆರಿಂಗ್‌ಟನ್ ತೀರ್ಪು ಹೇಳುತ್ತದೆ. ಇಪ್ಪತ್ತು ಸೆಂಟ್ಸ್ ಜಾಗದ ಬಡ ವಿಧವೆಯ ಹಳೆಯ ಬಾವಿಗೂ ಯಂತ್ರಗಳನ್ನಿಳಿಸಿ ಪಾಯ ತೋಡಿಸುವ ಕಂಪನಿಗೂ ಒಂದೇ ಅಳತೆಗೋಲಲ್ಲ. ಅವಳಿಂದ ಕಲ್ಲಿನ ಕಟ್ಟೆಯನ್ನು ನಿರೀಕ್ಷಿಸಲಾಗದಿದ್ದರೆ ಮುಳ್ಳಿನ ಒಟ್ಟಿಲನ್ನಾದರೂ ನಿರೀಕ್ಷಿಸಬಹುದು. ಅದೂ ಆಗದಿದ್ದರೆ ಪಂಚಾಯತಿಗೆ ಒಂದು ಮಾತನ್ನು. ಕಂಪನಿಗೆ ಈ ವಿನಾಯಿತಿ ದೊರೆಯದು.

ಇನ್ನು ನಮ್ಮ ಕಾಸರಗೋಡಿನ ಗುಡ್ಡೆಗಳಿಗೆ ಬರೋಣ. ಕೆಂಪುಕಲ್ಲು ತೆಗೆದ ಹೊಂಡವನ್ನು ನೀವು ಎಲ್ಲರೂ ನೋಡಿದ್ದೀರಿ. ಕಲ್ಲನ್ನು ಚೌಕವಾಗಿ ಕೊಯ್ದು ತೆಗೆಯುವುದರಿಂದ ಹೊಂಡದ ಬದಿಗಳು ಗೋಡೆಯಂತೆ ನೆಟ್ಟಗಿರುತ್ತವೆ. ಕೆರೆಗಿರುವಂತೆ ಇಳಿಜಾರಾದ ದಡವಿರುವುದಿಲ್ಲ. ಬೇಸಗೆಯಲ್ಲಿ ಅದು ಬರಿಯ ಬಿಲ, ತಳ ಕಾಣುತ್ತದೆ. ಮಳೆಗಾಲದಲ್ಲಿ ನೀರು ತುಂಬಿದಾಗ ಕೆಮ್ಮಣ್ಣಿನ ಬಣ್ಣದಿಂದಾಗಿ ಒಂದಡಿಯೋ ಇಪ್ಪತ್ತಡಿಯೋ ಎಂಬುದು ತಿಳಿಯುವುದಿಲ್ಲ. ಕೊಯ್ಯುವಾಗ ಅಲ್ಲಲ್ಲಿ ಬಿಟ್ಟ ಮೆಟ್ಟಿಲುಗಳು ನೀರಿನಡಿ ಅಡಗಿರುತ್ತವೆ. ಮೊದಲ ಹೆಜ್ಜೆಗೆ ಮೊಣಕಾಲು ನೀರು, ಎರಡನೆಯದಕ್ಕೆ ತಳವೇ ಇಲ್ಲ. ಮಗುವಿಗೆ ಮೋಸವಾಗುವುದು ಈ ಎರಡನೆಯ ಹೆಜ್ಜೆಯಲ್ಲಿ.

ಒಂದು ಕಲ್ಪಿತ ಪ್ರಸಂಗವನ್ನಿಟ್ಟುಕೊಂಡು ಮೇಲಿನ ಪ್ರಶ್ನೆಗಳನ್ನು ಪರೀಕ್ಷಿಸೋಣ. ಗುಡ್ಡೆಯ ಮೇಲೆ ಶಾಲೆ, ಕೆಳಗೆ ಮನೆಗಳು, ನಡುವೆ ಎಂಬತ್ತು ಸೆಂಟ್ಸ್ ಜಾಗ. ಒಡೆಯ ಗಲ್ಫಿನಲ್ಲಿದ್ದಾನೆ, ಮನೆ ಕಟ್ಟಿಸಲು ಜಾಗವನ್ನು ಗುತ್ತಿಗೆದಾರನಿಗೆ ಒಪ್ಪಿಸಿದ್ದಾನೆ. ಗುತ್ತಿಗೆದಾರ ಮಾರ್ಚ್ ತಿಂಗಳಲ್ಲಿ ಹದಿನೈದು ಅಡಿ ಆಳಕ್ಕೆ ಕಲ್ಲು ಕೊಯ್ಸಿ, ಹಣ ಬರಲಿಲ್ಲವೆಂದು ಕೆಲಸ ನಿಲ್ಲಿಸಿದ. ಜಾಗದ ಬೇಲಿಯಲ್ಲಿ ಹಿಂದಿನಿಂದಲೂ ಒಂದು ತಡಮೆಯಿದೆ, ಶಾಲೆಯ ಮಕ್ಕಳು ಅದನ್ನು ಹತ್ತಿಳಿದು ಮನೆಗೆ ಹೋಗುವುದು ವಾಡಿಕೆ. ಕಾಲುದಾರಿ ಹೊಂಡದಿಂದ ಹನ್ನೆರಡು ಹೆಜ್ಜೆ ದೂರ. ಜುಲೈ ತಿಂಗಳ ಒಂದು ಸಂಜೆ ಎಂಟು ವರ್ಷದ ಹುಡುಗ ಕಪ್ಪೆಮರಿ ಹಿಡಿಯಲು ಇಳಿದು ಮುಳುಗಿದ.

ಅಧಿಭೋಗದಾರ ಯಾರು? ಗುತ್ತಿಗೆದಾರನೆಂಬುದು ಸ್ಪಷ್ಟ: ಹೊಂಡ ಅವನ ಸೃಷ್ಟಿ, ಜಾಗ ಅವನ ವಶದಲ್ಲಿತ್ತು. ಆದರೆ ಕೆಲಸ ಬಿಟ್ಟು ಹೋದ ಮೇಲೆ ಹತೋಟಿ ಯಾರಿಗೆ ಮರಳಿತು? ಇಲ್ಲಿಯೇ ವಕೀಲರು ಬಹುಕಾಲ ವಾದಿಸುತ್ತಾರೆ. ಒಡೆಯ ಪರದೇಶದಲ್ಲಿದ್ದರೂ ಜಾಗ ನೋಡಿಕೊಳ್ಳಲು ಸೋದರಳಿಯನನ್ನು ನೇಮಿಸಿದ್ದರೆ, ಅಳಿಯನ ಅರಿವು ಒಡೆಯನ ಅರಿವೆಂದೇ ವಾದಿಸಬಹುದು. ಇಬ್ಬರನ್ನೂ ಪ್ರತಿವಾದಿಗಳನ್ನಾಗಿ ಮಾಡುವುದು ವಿವೇಕ.

ಮಗುವಿಗೆ ಅನುಮತಿಯಿತ್ತೆ? ಇಲ್ಲಿ ತಡಮೆ ಮಾತಾಡುತ್ತದೆ. ಬೇಲಿ ದನಕ್ಕೆ, ತಡಮೆ ಮನುಷ್ಯರಿಗೆ: ದನ ದಾಟದಂತೆ, ಮನುಷ್ಯ ದಾಟುವಂತೆ ಮಾಡಿದ ಏರ್ಪಾಡದು. ಬೇಲಿಯಲ್ಲಿ ಅದನ್ನು ಉಳಿಸಿಕೊಂಡವನು ಜನ ನಡೆಯುವುದನ್ನು ಒಪ್ಪಿದ್ದಾನೆಂದು ವಾದಿಸಲು ಇದಕ್ಕಿಂತ ಒಳ್ಳೆಯ ಸಾಕ್ಷ್ಯ ಬೇಕೆ? ಆದರೂ ಒಂದು ತೊಡಕಿದೆ. ಅನುಮತಿ ಕಾಲುದಾರಿಗೆ ಇತ್ತು, ಹನ್ನೆರಡು ಹೆಜ್ಜೆಯಾಚೆಯ ಹೊಂಡಕ್ಕಲ್ಲ ಎಂದು ಎದುರು ಪಕ್ಷ ಹೇಳುತ್ತದೆ. ದೊಡ್ಡವರ ವಿಷಯದಲ್ಲಿ ಅದು ಸಲ್ಲುವ ಮಾತು. ಎಂಟು ವರ್ಷದವನು ದಾರಿಯ ಮೇಲೆಯೇ ನಡೆದಾನೆಂದು ನಂಬಿದೆನೆನ್ನುವ ಅಧಿಭೋಗದಾರನನ್ನು ನ್ಯಾಯಾಧೀಶರು ಸುಲಭವಾಗಿ ನಂಬುವುದಿಲ್ಲ.

ತಂದೆತಾಯಿಗಳ ಮಾತೇನು? ಫಿಪ್ಸ್ ತೀರ್ಪನ್ನು ಎದುರು ಪಕ್ಷ ಖಂಡಿತ ಮುಂದಿಡುತ್ತದೆ. ಅದಕ್ಕೆ ಉತ್ತರ ಊರಿನ ರೂಢಿಯಲ್ಲಿದೆ. ಐದು ವರ್ಷದವನ ಮಾತು ಬೇರೆ. ಎಂಟು ವರ್ಷದ ಮಕ್ಕಳು ಗುಂಪಾಗಿ ನಡೆದೇ ಶಾಲೆಗೆ ಹೋಗುವ ಊರಿನಲ್ಲಿ, ತಾಯಿ ಅಡಿಕೆ ಸುಲಿಯಲು ಅಥವಾ ಬೀಡಿ ಕಟ್ಟಲು ಕುಳಿತಿರುವಾಗ, ಪ್ರತಿದಿನ ಮಗುವಿನ ಜತೆ ಒಬ್ಬರು ಬರುತ್ತಾರೆಂದು ಯಾವ ಅಧಿಭೋಗದಾರನೂ ಪ್ರಾಮಾಣಿಕವಾಗಿ ಭಾವಿಸಲಾರ. ಡೆವ್ಲಿನ್ ಅವರ ನಿಯಮವನ್ನು ಇಲ್ಲಿಗೆ ತರುವಾಗ ಅವರ ಊರಿನ ಪೋಷಕರನ್ನೂ ಜತೆಗೇ ತರಬಾರದು. ಹುಡುಗನ ಸ್ವಂತ ಅಜಾಗರೂಕತೆಯನ್ನೂ ಅವನ ವಯಸ್ಸಿನ ಮಗುವಿನಿಂದ ಏನನ್ನು ನಿರೀಕ್ಷಿಸಬಹುದೋ ಅದರಿಂದಲೇ ಅಳೆಯಬೇಕು.

ಕೊನೆಗೆ ಉಳಿಯುವುದು ಅರಿವಿನ ಪ್ರಶ್ನೆ, ಪ್ರಕರಣ ಗೆಲ್ಲುವುದೂ ಬೀಳುವುದೂ ಇಲ್ಲಿಯೇ. ಹೊಂಡ ಅಪಾಯಕಾರಿಯೆಂಬುದು ತೋಡಿದವನಿಗೆ ಗೊತ್ತು. ಮಕ್ಕಳು ಅಲ್ಲಿ ಸುಳಿಯುತ್ತಾರೆಂಬುದು? “ನಾವು ಎಷ್ಟೋ ಸಲ ಹೇಳಿದ್ದೆವು” ಎಂದು ಊರವರು ಹತ್ತು ಮಂದಿ ಹೇಳಬಹುದು. “ಯಾರೂ ಹೇಳಲಿಲ್ಲ” ಎಂದು ಗುತ್ತಿಗೆದಾರ ಒಬ್ಬನೇ ಹೇಳಿಯಾನು. ಮರಣದ ನಂತರ ಬಾಯಿಮಾತಿನ ತೂಕ ಕಡಿಮೆ. ಹೆರಿಂಗ್‌ಟನ್ ಪ್ರಕರಣದಲ್ಲಿ ಮಕ್ಕಳ ಸುದ್ದಿ ಸ್ಟೇಷನ್ ಮಾಸ್ತರರಿಗೆ ಮೊದಲೇ ತಲುಪಿತ್ತೆಂಬ ಸಂಗತಿ ಎಷ್ಟು ಬೆಲೆಯುಳ್ಳದ್ದಾಯಿತೆಂಬುದನ್ನು ನೆನೆಯಿರಿ. ಇಲ್ಲಿ ಜೂನ್ ತಿಂಗಳಲ್ಲೇ ಶಾಲೆಯ ಮುಖ್ಯೋಪಾಧ್ಯಾಯರು ಗುತ್ತಿಗೆದಾರನಿಗೂ ಒಡೆಯನ ಅಳಿಯನಿಗೂ ಒಂದು ಪತ್ರ ಬರೆದು ಅಂಚೆಯ ರಶೀದಿ ಇಟ್ಟುಕೊಂಡಿದ್ದರೆ, ‘ಗೊತ್ತಿರಲಿಲ್ಲ’ ಎಂಬ ಉತ್ತರಕ್ಕೆ ಎಡೆಯೇ ಇರುತ್ತಿರಲಿಲ್ಲ. ಬಹುಶಃ ಹೊಂಡವೂ ತೆರೆದಿರುತ್ತಿರಲಿಲ್ಲ.

ಮಗು ಸತ್ತಲ್ಲಿ ತಂದೆತಾಯಿಗಳು 1855ರ ಮಾರಣಾಂತಿಕ ಅಪಘಾತಗಳ ಅಧಿನಿಯಮದಂತೆ ನಷ್ಟಪರಿಹಾರದ ದಾವೆ ಹೂಡಬಹುದು. ಅದಕ್ಕಿರುವ ಕಾಲಾವಧಿ ಮರಣದ ದಿನದಿಂದ 2 ವರ್ಷ. ಪೊಲೀಸರ ಪ್ರಕರಣ ಮುಗಿಯಲೆಂದು ಕಾಯುತ್ತ ಕುಳಿತವರು ಈ ಅವಧಿಯನ್ನು ಕಳೆದುಕೊಳ್ಳುವ ಅಪಾಯವಿದೆ. ಎರಡೂ ಬೇರೆ ಬೇರೆ ದಾರಿಗಳು, ಒಂದಕ್ಕಾಗಿ ಇನ್ನೊಂದು ನಿಲ್ಲಬೇಕಾಗಿಲ್ಲ.

ಕೊಳವೆಬಾವಿಗಳಿಗಾದರೆ ಸರ್ವೋಚ್ಚ ನ್ಯಾಯಾಲಯ 2010ರಲ್ಲಿ ನೇರವಾದ ನಿರ್ದೇಶನಗಳನ್ನು ಕೊಟ್ಟಿದೆ: ಕೊರೆಯುವ 15 ದಿನ ಮೊದಲು ಅಧಿಕಾರಿಗಳಿಗೆ ಲಿಖಿತ ಸೂಚನೆ, ಕೆಲಸದ ವೇಳೆ ಸುತ್ತ ಮುಳ್ಳುತಂತಿ, ಬಾಯಿಗೆ ಭದ್ರವಾದ ಉಕ್ಕಿನ ಮುಚ್ಚಳ, ಕೈಬಿಟ್ಟದ್ದನ್ನು ತಳದಿಂದ ನೆಲಮಟ್ಟದವರೆಗೆ ತುಂಬುವುದು. ಆ ನಿರ್ದೇಶನಗಳು ತೆರೆದ ಬಾವಿಗೂ ಕಲ್ಲಿನ ಹೊಂಡಕ್ಕೂ ನೇರವಾಗಿ ಅನ್ವಯಿಸುವುದಿಲ್ಲ. ಇವುಗಳ ವಿಷಯದಲ್ಲಿ ನಾಗರಿಕನ ಕೈಗೆ ಸಿಗುವ ಆಯುಧ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 152ನೆಯ ಕಲಮು. ಹಳೆಯ ಸಂಹಿತೆಯಲ್ಲಿ 133. ಸಾರ್ವಜನಿಕ ದಾರಿಗೆ ಅಥವಾ ಸ್ಥಳಕ್ಕೆ ಹೊಂದಿಕೊಂಡಿರುವ ಕೆರೆ, ಬಾವಿ, ಅಗೆತಗಳಿಗೆ ಬೇಲಿ ಹಾಕಿಸುವಂತೆ ಜಿಲ್ಲಾ ಅಥವಾ ಉಪವಿಭಾಗೀಯ ದಂಡಾಧಿಕಾರಿ ಷರತ್ತಿನ ಆದೇಶ ಹೊರಡಿಸಬಹುದು. ಗೊತ್ತುಪಡಿಸಿದ ಅವಧಿಯೊಳಗೆ ಬೇಲಿ ಹಾಕಬೇಕು, ಇಲ್ಲವೆ ಬಂದು ಆಕ್ಷೇಪಣೆ ಹೇಳಬೇಕು. ಆದೇಶ ಖಾಯಂ ಆದ ಮೇಲೂ ಪಾಲಿಸದಿದ್ದರೆ ದಂಡಾಧಿಕಾರಿ ತಾನೇ ಕೆಲಸ ಮಾಡಿಸಿ ಖರ್ಚನ್ನು ವಸೂಲು ಮಾಡಬಹುದು. ಮಗು ಬೀಳುವ ಮುನ್ನವೇ ನಡೆಯಬಲ್ಲ ಕಾರ್ಯವಿಧಾನವೆಂಬುದೇ ಇದರ ಹೆಚ್ಚುಗಾರಿಕೆ.

ಇದಕ್ಕೂ ಒಂದು ತೊಡಕು ‘ಹೊಂದಿಕೊಂಡಿರುವ’ ಎಂಬ ಪದ. ಖಾಸಗಿ ಜಾಗದ ಮಧ್ಯದಲ್ಲಿರುವ, ಯಾವ ಸಾರ್ವಜನಿಕ ದಾರಿಯೂ ಸಮೀಪದಲ್ಲಿಲ್ಲದ ಬಾವಿಯನ್ನು ಈ ಕಲಮಿನಡಿ ತರುವುದು ಕಷ್ಟ. ಆದ್ದರಿಂದ ಅರ್ಜಿಯಲ್ಲಿ ದಾರಿಯ ವಿವರ ಮೊದಲು ಬರಬೇಕು: ಅದು ಎಲ್ಲಿಂದ ಎಲ್ಲಿಗೆ ಹೋಗುತ್ತದೆ, ಯಾರು ಯಾರು ಎಷ್ಟು ವರ್ಷಗಳಿಂದ ನಡೆಯುತ್ತಿದ್ದಾರೆ, ಶಾಲೆ ಎಲ್ಲಿದೆ. ಅನಂತರ ದಾರಿಯ ಅಂಚಿನಿಂದ ಹೊಂಡದ ಅಂಚಿಗೆ ಅಳೆದ ದೂರ, ಆಳ, ನೀರು ನಿಲ್ಲುವ ತಿಂಗಳುಗಳು, ಸರ್ವೆ ನಂಬರು, ಒಡೆಯನ ಮತ್ತು ಕೆಲಸ ಮಾಡಿಸಿದವನ ಹೆಸರು, ದಿನಾಂಕವಿರುವ ಒಂದೆರಡು ಛಾಯಾಚಿತ್ರ. ‘ಮಕ್ಕಳ ಪ್ರಾಣಕ್ಕೆ ಕುತ್ತಾಗಿರುವ ಭೀಕರ ಮೃತ್ಯುಕೂಪ’ ಎಂಬಂತಹ ಮಾತುಗಳು ಬೇಡ. ನಮ್ಮವರ ಅರ್ಜಿಗಳಲ್ಲಿ ಇಂಥ ವಿಶೇಷಣಗಳೇ ತುಂಬಿ, ಅಳತೆಗಳೇ ಇರುವುದಿಲ್ಲ.

ಈ ಅರ್ಜಿಯನ್ನು ಮಲಯಾಳದಲ್ಲಿಯೇ ಬರೆಯಬೇಕೆಂದು ಎಷ್ಟೋ ಮಂದಿ ತಿಳಿದಿದ್ದಾರೆ, ಬರೆಯಲಾರದೆ ಸುಮ್ಮನಾಗುತ್ತಾರೆ. ಕೇರಳದ 1969ರ ಅಧಿಕೃತ ಭಾಷಾ ಅಧಿನಿಯಮದಂತೆ ಕನ್ನಡ ಅಲ್ಪಸಂಖ್ಯಾತರು ಸಚಿವಾಲಯದೊಡನೆಯೂ ಇಲಾಖಾ ಮುಖ್ಯಸ್ಥರೊಡನೆಯೂ, ಭಾಷಾ ಅಲ್ಪಸಂಖ್ಯಾತ ಪ್ರದೇಶವೆಂದು ಘೋಷಿತವಾದಲ್ಲಿನ ಸರ್ಕಾರಿ ಕಚೇರಿಗಳೊಡನೆಯೂ ಕನ್ನಡದಲ್ಲಿ ಪತ್ರವ್ಯವಹಾರ ಮಾಡಬಹುದು, ಉತ್ತರವನ್ನೂ ಕನ್ನಡದಲ್ಲಿ ಪಡೆಯಬಹುದು. ಮುಂದಿನ ಅನುವಾದ ತರಗತಿಗೆ ಪ್ರತಿಯೊಬ್ಬರೂ ತಮ್ಮ ಮನೆಯಿಂದ ಬಸ್ಸು ನಿಲ್ದಾಣದವರೆಗಿನ ದಾರಿಯಲ್ಲಿ ಕಾಣುವ ಕಟ್ಟೆಯಿಲ್ಲದ ಬಾವಿಯನ್ನೋ ಬೇಲಿಯಿಲ್ಲದ ಹೊಂಡವನ್ನೋ ಅಂಚಿಗೆ ಹೋಗದೆ ದಾರಿಯಲ್ಲೇ ನಿಂತು ಗಮನಿಸಿ, ಉಪವಿಭಾಗೀಯ ದಂಡಾಧಿಕಾರಿಗೆ ಕನ್ನಡದಲ್ಲಿ ಒಂದು ಪುಟದ ಅರ್ಜಿ ಬರೆದು ತನ್ನಿ. ದೂರವನ್ನು ಹೆಜ್ಜೆಗಳಲ್ಲಿ ಅಂದಾಜಿಸಿದರೆ ಸಾಕು. ಆಳವನ್ನು ತೋಡಿದವರನ್ನು ಕೇಳಿ ಬರೆಯಿರಿ.